ರಾತ್ರೋರಾತ್ರಿ ಮಂಡಿ ಊದಿದರೆ ಮೊದಲು ನೀರು ತೆಗೆಸಿ

ವಯಸ್ಸಾದವರ ಮಂಡಿಯೋ ಕಾಲಿನ ಹರಡೋ ಬೆಳಗಾಗುವಷ್ಟರಲ್ಲಿ ಊದಿಕೊಂಡರೆ ನಮ್ಮ ಮಂಡ್ಯ ಕಡೆ ಮೊದಲು ಬಿಸಿ ಎಣ್ಣೆ ತಿಕ್ಕುತ್ತಾರೆ. ಆಮೇಲೆ ರಕ್ತದಲ್ಲಿ ಯೂರಿಕ್ ಆಸಿಡ್ ನೋಡಿಸುತ್ತಾರೆ. ಸ್ವಲ್ಪ ಜಾಸ್ತಿ ಬಂದರೆ ಮುಗಿಯಿತು, ಅದರ ಹರಳು ಕೀಲಲ್ಲಿ ಕೂತು ಬರುವ ಗೌಟ್ ಎಂದು ಬೇಳೆ ಸಾರು ಬಂದ್.

ಒಬ್ಬ ಅಜ್ಜಿಯನ್ನೇ ತೆಗೆದುಕೊಳ್ಳಿ. ವಯಸ್ಸು 76. ಪಿತ್ತಕೋಶದ ಆಪರೇಷನ್ ಆದ ಮೂರನೇ ದಿನ ಬಲ ಮಂಡಿ ಊದಿ, ಮುಟ್ಟಿದರೆ ಬಿಸಿ. ಸ್ವಲ್ಪ ಜ್ವರವೂ ಇದೆ. ಯೂರಿಕ್ ಆಸಿಡ್ 7.6. ಇಷ್ಟಕ್ಕೇ ಗೌಟ್ ಅನ್ನಬಹುದಾ? ಬಿ.ಪಿ.ಗೆ ನೀರಿಳಿಸುವ ಮಾತ್ರೆ ನುಂಗುವವರಲ್ಲಿ ಅದು ಹೇಗೂ ಏರಿರುತ್ತದೆ. ಇತ್ತ ನಿಜವಾದ ಗೌಟ್ ಕೆರಳಿದಾಗಲೂ ಕೆಲವರಲ್ಲಿ ನಾರ್ಮಲ್ ತೋರಿಸುತ್ತದೆ.

ಮೊದಲು ಕಾಲಿಗೆ ವಿಶ್ರಾಂತಿ ಕೊಡಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ತಿಕ್ಕಬೇಡಿ. ಅದೇ ದಿನ ಮೂಳೆ ಅಥವಾ ಕೀಲಿನ ಡಾಕ್ಟರ ಬಳಿ ಹೋಗಿ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಊತಕ್ಕೆ ಕಾರಣ ಸೋಂಕೋ ಹರಳೋ ಎಂದು ತಿಳಿಯಲು ಮಂಡಿಯ ನೀರನ್ನು ಸೂಜಿಯಿಂದ ತೆಗೆಯಬೇಕು. ‘ಸೂಜಿ ಹಾಕಿದರೆ ಮಂಡಿ ಕೆಡುತ್ತೆ’ ಎಂದು ಮನೆಯವರೇ ಬೇಡ ಅನ್ನುತ್ತಾರೆ. ಹಾಗೇನಿಲ್ಲ, ನೀರು ಹೋದರೆ ಬಿಗಿತ ಇಳಿದು ನೋವೂ ಹಗುರಾಗುತ್ತದೆ. ಸಾಧ್ಯವಾದರೆ ಆಂಟಿಬಯಾಟಿಕ್ ಶುರುಮಾಡುವ ಮೊದಲೇ ತೆಗೆಸಿ. ಇಲ್ಲದಿದ್ದರೆ ಸೋಂಕಿದ್ದರೂ ರೋಗಾಣು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಸಿಗದೇ ಹೋಗಬಹುದು. ಆ ನೀರಿನಲ್ಲಿ ಎರಡು ಪರೀಕ್ಷೆ ಆಗಬೇಕು, ಒಂದು ಕಲ್ಚರ್, ಇನ್ನೊಂದು ಹರಳಿನದು. ಚೀಟಿಯಲ್ಲಿ ಎರಡೂ ಬರೆದಿವೆಯಾ ಎಂದು ಕೇಳಿಯೇ ಹೊರಡಿ. ಹರಳಿನ ಪರೀಕ್ಷೆಗೆ ಪೋಲರೈಸ್ಡ್ ಮೈಕ್ರೋಸ್ಕೋಪ್ ಬೇಕು, ಸಣ್ಣ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮೈಸೂರಿಗೆ ಕಳಿಸುವುದಾದರೆ ನೀರು ಹಳತಾಗುವ ಮುಂಚೆ ಕಳಿಸಲಿ.

ಸೂಜಿಯಂತೆ ಚೂಪಾದ, ಯೂರಿಕ್ ಆಸಿಡ್‌ನಿಂದಾದ ಯೂರೇಟ್ ಹರಳು ಕಂಡರೆ ಗೌಟ್. ಇದು ಹೆಚ್ಚಾಗಿ ನಡುವಯಸ್ಸಿನ ಗಂಡಸರಲ್ಲಿ, ಕಾಲಿನ ಹೆಬ್ಬೆರಳ ಬುಡದಲ್ಲಿ ಶುರುವಾಗುತ್ತದೆ. ಚಿಕ್ಕ, ಗಿಡ್ಡನೆಯ, ಓರೆ ಚೌಕದಂಥ ಹರಳಾದರೆ ಅದು ಕ್ಯಾಲ್ಸಿಯಂ ಪೈರೋಫಾಸ್ಫೇಟ್, ಅಂದರೆ ಸ್ಯೂಡೋಗೌಟ್. ಇದು 60 ದಾಟಿದವರ ಕಾಯಿಲೆ, ಮಂಡಿ ಮತ್ತು ಮಣಿಕಟ್ಟು ಇದರ ಮುಖ್ಯ ಜಾಗ. ಆಪರೇಷನ್, ಜೋರು ಜ್ವರ, ಪೆಟ್ಟು ಇದನ್ನು ಕೆರಳಿಸುತ್ತವೆ. ಅಜ್ಜಿಯ ನೀರಿನಲ್ಲಿ ಸಿಕ್ಕಿದ್ದು ಇದೇ. ಎಕ್ಸ್-ರೇಯಲ್ಲೂ ಮೂಳೆಗಳ ನಡುವಿನ ಮೆತ್ತೆಯಲ್ಲಿ ತೆಳು ಬಿಳಿ ಗೆರೆ ಇತ್ತು. ಆದರೆ ಆ ಗೆರೆ ನೋವಿಲ್ಲದ ಎಷ್ಟೋ ಹಿರಿಯರಲ್ಲೂ ಇರುತ್ತದೆ, ಬರೀ ಅದನ್ನೇ ನಂಬಬೇಡಿ.

ಹರಳು ಸಿಕ್ಕಿತೆಂದು ಸೋಂಕಿಲ್ಲ ಅನ್ನುವಂತಿಲ್ಲ, ಎರಡೂ ಒಟ್ಟಿಗೆ ಇರಬಹುದು. ಸೋಂಕಿಲ್ಲ ಎಂದು ಖಚಿತವಾದ ಮೇಲೆ ಅಜ್ಜಿಯ ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು, ಕೆಲವೇ ದಿನಗಳಲ್ಲಿ ಊತ ಇಳಿಯಿತು. ಯೂರಿಕ್ ಆಸಿಡ್ ಇಳಿಸುವ ಅಲೋಪ್ಯುರಿನಾಲ್ ಸ್ಯೂಡೋಗೌಟ್‌ಗೆ ಏನೂ ಮಾಡದು. ಬೇಳೆ ಬಿಡುವುದಂತೂ ಸುಮ್ನೆ ಬಾಯಿಕಟ್ಟು. ಕ್ಯಾಲ್ಸಿಯಂ ಹರಳೆಂದು ಹಾಲು, ರಾಗಿ ಬಿಡಿಸುವುದೂ ಬೇಡ.

ಮೆಡಿಕಲ್ ಶಾಪಿನಿಂದ ತಾವೇ ನೋವಿನ ಮಾತ್ರೆ ತರುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಈ ವಯಸ್ಸಿನಲ್ಲಿ ಅವು ಕಿಡ್ನಿಗೆ, ಹೊಟ್ಟೆಗೆ ಏಟು ಕೊಡುತ್ತವೆ. ಊತ ಇಳಿಸುವ ಕೊಲ್ಚಿಸಿನ್ ಮಾತ್ರೆ ಗೌಟ್, ಸ್ಯೂಡೋಗೌಟ್ ಎರಡಕ್ಕೂ ಆಗುತ್ತದೆ. ಆದರೆ ಕಿಡ್ನಿ ದುರ್ಬಲ ಇದ್ದವರಿಗೆ ಪ್ರಮಾಣ ಇಳಿಸಬೇಕು, ಹಾಗಾಗಿ ಕ್ರಿಯಾಟಿನಿನ್ ರಿಪೋರ್ಟ್ ಜೊತೆಗೇ ಒಯ್ಯಿರಿ.