ಮೊದಲ ಡೋಸ್ ತೂಕ ನೋಡಿ, ಮುಂದಿನದೆಲ್ಲ ಎದೆ ಕೇಳಿ

ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಕುಡಿದ ಮಗುವಿಗೆ ಅಟ್ರೋಪಿನ್ ಎಷ್ಟು ಕೊಡಬೇಕು ಎಂದು ಕಿರಿಯ ವೈದ್ಯರು ಫೋನ್ ಮಾಡಿ ಕೇಳಿದಾಗ ನಾನು ಮೊದಲ ಡೋಸ್ ಮಾತ್ರ ಹೇಳುತ್ತೇನೆ. ಎರಡನೆಯದನ್ನು ಹೇಳಬೇಕಾದದ್ದು ಮಗುವಿನ ಎದೆ. ಮಗುವಿನ ತೂಕದಿಂದ ಲೆಕ್ಕ ಶುರುವಾಗುತ್ತದೆ, ಆದರೆ ಎಲ್ಲಿಗೆ ಮುಗಿಯುತ್ತದೆ ಎಂಬುದು ಹೊಟ್ಟೆಗೆ ಹೋದ ವಿಷದ ಪ್ರಮಾಣದ ಮೇಲೆ ನಿಂತಿದೆ, ಅದು ಯಾರಿಗೂ ಗೊತ್ತಿರುವುದಿಲ್ಲ. ಒಂದೇ ತೂಕದ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಎರಡು ಆಂಪ್ಯೂಲ್ ಸಾಕಾಗಬಹುದು, ಇನ್ನೊಬ್ಬನಿಗೆ ಇಪ್ಪತ್ತು ಬೇಕಾಗಬಹುದು.

ರಾಯಚೂರು ಕಡೆ ಹತ್ತಿ, ಮೆಣಸಿನಕಾಯಿ ಬೆಳೆಯುವ ಹಳ್ಳಿಗಳಿಂದ ಇಂಥ ಮಕ್ಕಳು ಬರುತ್ತಾರೆ. ಹೊಲಕ್ಕೆ ಹೊಡೆದು ಉಳಿದ ಔಷಧಿಯನ್ನು ತಂಪು ಪಾನೀಯದ ಬಾಟಲಿಯಲ್ಲಿ ಹಾಕಿ ಮೂಲೆಯಲ್ಲಿಟ್ಟಿರುತ್ತಾರೆ. ಇಲ್ಲಿ ಹೇಳುತ್ತಿರುವುದು ಮೂರು ವರ್ಷದ, 12 ಕೆ.ಜಿ. ತೂಕದ ಒಬ್ಬ ಹುಡುಗನ ವಿಷಯ. ಕುಡಿದದ್ದು ಕ್ಲೋರ್‌ಪೈರಿಫಾಸ್ 20%. ಅಜ್ಜಿ ಅವನನ್ನು ಎತ್ತಿಕೊಂಡು ಬಂದು "ಎಣ್ಣಿ ಕುಡದಾನ್ರೀ ಡಾಕ್ಟರ್ರ" ಎಂದಳು. ಅಪ್ಪ ಅಂಗಡಿಯಿಂದ ತಂದಿದ್ದ ಮೂಲ ಡಬ್ಬಿಯನ್ನೂ ಹಿಡಿದುಕೊಂಡು ಬಂದಿದ್ದ, ಹಾಗಾಗಿ ಹೆಸರು ಖಚಿತವಾಯಿತು.

ಬಾಯಿಂದ ನೊರೆ, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ, ತೊಡೆಯ ಸ್ನಾಯುಗಳಲ್ಲಿ ಸಣ್ಣ ಅದುರು, ಆಮ್ಲಜನಕದ ಸ್ಯಾಚುರೇಷನ್ 82. ಎದೆಯ ಎರಡೂ ಬದಿ, ಮೇಲಿನಿಂದ ತಳದವರೆಗೆ, ಗುಳುಗುಳು ಸದ್ದು. ನಾಡಿ ನಿಮಿಷಕ್ಕೆ 148. ಸಿಸ್ಟರ್ ಕೈಯಲ್ಲಿ ಸಿರಿಂಜ್ ಹಿಡಿದು, "ಸರ್, ಪಲ್ಸ್ ಇಷ್ಟು ಜೋರೈತ್ರಿ, ಅಟ್ರೋಪಿನ್ ಕೊಡ್ಲೇನ್ರಿ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಈ ವಿಷದಲ್ಲಿ ನಾಡಿ ನಿಧಾನವಾಗುತ್ತದೆ ಎಂದು ಓದಿರುತ್ತೇವೆ, ಆದರೆ ಮಕ್ಕಳಲ್ಲಿ ಅನೇಕ ಸಲ ನಾಡಿ ಜೋರಾಗಿಯೇ ಇರುತ್ತದೆ. ಆಮ್ಲಜನಕದ ಕೊರತೆ, ಅಳು, ಭಯ, ಜೊತೆಗೆ ವಿಷವೇ ನರಗಂಟುಗಳನ್ನು ಕೆರಳಿಸುವುದು, ಎಲ್ಲವೂ ಅದನ್ನು ಏರಿಸುತ್ತವೆ. ನಾಡಿ ಜೋರಿದೆ ಎಂದು ಅಟ್ರೋಪಿನ್ ತಡೆದರೆ ಮಗು ತನ್ನದೇ ಶ್ವಾಸಕೋಶದ ನೀರಿನಲ್ಲಿ ಮುಳುಗುತ್ತದೆ. "ಕೊಡ್ರಿ ಸಿಸ್ಟರ್" ಎಂದೆ.

ಮೊದಲ ಡೋಸ್ ಕೆ.ಜಿ.ಗೆ 0.05 ಮಿ.ಗ್ರಾಂ, ರಕ್ತನಾಳಕ್ಕೆ. ಕೆಲವು ಮಾರ್ಗದರ್ಶಿಗಳು 0.02 ಎನ್ನುತ್ತವೆ, ಎದೆ ತುಂಬಿರುವ ಮಗುವಿಗೆ ನಾನು 0.05ರಿಂದಲೇ ಶುರು ಮಾಡುತ್ತೇನೆ. 12 ಕೆ.ಜಿ.ಗೆ 0.6 ಮಿ.ಗ್ರಾಂ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಆಂಪ್ಯೂಲ್ 1 ಮಿ.ಲೀ.ಗೆ 0.6 ಮಿ.ಗ್ರಾಂ, ಅಂದರೆ ಈ ಹುಡುಗನಿಗೆ ಸರಿಯಾಗಿ ಒಂದು ಆಂಪ್ಯೂಲ್. ಆದರೂ ಆಂಪ್ಯೂಲ್ ಮೇಲಿನ ಬರಹವನ್ನು ಪ್ರತಿ ಸಲ ಇಬ್ಬರು ಓದಬೇಕು, ಬೇರೆ ಸಾಂದ್ರತೆಯವೂ ಕಪಾಟಿನಲ್ಲಿ ಬಂದು ಕೂತಿರುತ್ತವೆ. ಮುಖವಾಡದಲ್ಲಿ ಆಮ್ಲಜನಕ, ಬಾಯಿಗೆ ಸಕ್ಷನ್, ಎಡಮಗ್ಗುಲಿಗೆ ಮಲಗಿಸುವುದು ಇದೇ ಹೊತ್ತಿನಲ್ಲಿ ನಡೆಯುತ್ತಿತ್ತು. ಇನ್ನೊಬ್ಬ ಸಿಸ್ಟರ್ ಕೈಗವಸು ಹಾಕಿಕೊಂಡು ಬಟ್ಟೆ ತೆಗೆದು, ಮೈಯನ್ನು ಸೋಪು ನೀರಿನಿಂದ ತೊಳೆದರು. ಹೊಟ್ಟೆ ತೊಳೆಯುವ ಕೆಲಸಕ್ಕೆ ನಾನು ಕೈ ಹಾಕಲಿಲ್ಲ. ಉಸಿರಾಟ ಭದ್ರವಾಗದೆ ಟ್ಯೂಬ್ ಹಾಕಿದರೆ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ.

ಐದು ನಿಮಿಷ ಬಿಟ್ಟು ಎದೆ ಕೇಳಿದೆ. ಹೇಗೆ ಕೇಳಬೇಕು ಎಂಬುದೂ ಮುಖ್ಯ. ಮೊದಲು ಬಾಯಿ, ಗಂಟಲು ಸಕ್ಷನ್ ಮಾಡಿಸುತ್ತೇನೆ, ಇಲ್ಲವಾದರೆ ಗಂಟಲಿನ ಜೊಲ್ಲಿನ ಸದ್ದೇ ಎದೆಯ ತುಂಬ ಕೇಳಿಸಿ ದಾರಿ ತಪ್ಪಿಸುತ್ತದೆ. ಆಮೇಲೆ ಎರಡೂ ಕಂಕುಳ ಕೆಳಗೆ, ನಂತರ ಬೆನ್ನಿನ ತಳದಲ್ಲಿ ಎರಡೂ ಕಡೆ. ಗುಳುಗುಳು ಮಾತ್ರವಲ್ಲ, ಸೀಟಿಯಂಥ ಸದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಶ್ವಾಸನಾಳ ಬಿಗಿದಿದ್ದರೆ ಅಟ್ರೋಪಿನ್ ಇನ್ನೂ ಸಾಲದು ಎಂದರ್ಥ. ಮೂರನೆಯದೊಂದಿದೆ, ಅದು ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ: ಸದ್ದೇ ಇಲ್ಲದ ಎದೆ. ಮಗು ದಣಿದು ಗಾಳಿ ಎಳೆಯುವುದನ್ನೇ ಬಿಟ್ಟಾಗಲೂ ಎದೆ ಶಾಂತವಾಗುತ್ತದೆ. ಆದ್ದರಿಂದ ಸದ್ದು ನಿಂತಿತು ಎನ್ನುವ ಮೊದಲು ಎದೆ ಏರಿಳಿಯುತ್ತಿದೆಯೇ, ಎರಡೂ ಕಡೆ ಗಾಳಿ ಹೋಗುತ್ತಿದೆಯೇ, ಸ್ಯಾಚುರೇಷನ್ ಏರಿದೆಯೇ ಎಂದು ನೋಡಲೇಬೇಕು.

ಹುಡುಗನ ಎದೆ ಹಾಗೆಯೇ ಇತ್ತು. ಬದಲಾವಣೆ ಇಲ್ಲವಾದರೆ ಡೋಸ್ ದುಪ್ಪಟ್ಟು: 1.2 ಮಿ.ಗ್ರಾಂ, ಎರಡು ಆಂಪ್ಯೂಲ್. ಮತ್ತೆ ಐದು ನಿಮಿಷ. ನೊರೆ ಕಡಿಮೆ, ಎದೆ ಇನ್ನೂ ಒದ್ದೆ. ಮತ್ತೆ ದುಪ್ಪಟ್ಟು: 2.4 ಮಿ.ಗ್ರಾಂ, ನಾಲ್ಕು ಆಂಪ್ಯೂಲ್. ಈ ಸಲ ತಿರುಗಿತು. ಎಡಗಡೆ ಬಹುಪಾಲು ತಿಳಿಯಾಯಿತು, ಸ್ಯಾಚುರೇಷನ್ 93ಕ್ಕೆ ಬಂತು, ಆದರೆ ಎರಡೂ ಕಡೆ ಸೀಟಿ ಉಳಿದಿತ್ತು. ಸುಧಾರಣೆ ಶುರುವಾದ ಮೇಲೆ ನಾನು ದುಪ್ಪಟ್ಟು ಮಾಡುವುದಿಲ್ಲ, ಹಿಂದಿನ ಡೋಸನ್ನೇ ಇನ್ನೊಮ್ಮೆ ಕೊಡುತ್ತೇನೆ. ಇನ್ನೊಂದು 2.4 ಕೊಟ್ಟ ಮೇಲೆ ಸೀಟಿ ನಿಂತಿತು, ಕಂಕುಳು ಒಣಗಿತು. ಒಟ್ಟು 6.6 ಮಿ.ಗ್ರಾಂ, ಹನ್ನೊಂದು ಆಂಪ್ಯೂಲ್, ಇಪ್ಪತ್ತು ನಿಮಿಷದೊಳಗೆ. ನಾಡಿ ನಡುವೆ 170ರವರೆಗೆ ಹೋಗಿ, ಆಮ್ಲಜನಕ ಏರಿದ ಮೇಲೆ 150ಕ್ಕೆ ಇಳಿಯಿತು. ಪಾಪೆ ಆಗಲೂ ಸಣ್ಣದೇ. ಅದು ತಡವಾಗಿ ಅಗಲಿಸುತ್ತದೆ, ಅದಕ್ಕಾಗಿ ಕಾಯುತ್ತ ಡೋಸ್ ಏರಿಸುತ್ತ ಹೋಗಬಾರದು.

ಹೀಗೆ ದುಪ್ಪಟ್ಟು ಮಾಡುತ್ತ ಹೋಗಿ ನಂತರ ಇನ್‌ಫ್ಯೂಷನ್ ಹಾಕುವ ಕ್ರಮವನ್ನು ಬಾಂಗ್ಲಾದೇಶದಲ್ಲಿ ಹಳೆಯ ಬೋಲಸ್ ಕ್ರಮದ ಜೊತೆ ಹೋಲಿಸಿ ನೋಡಿದ್ದಾರೆ, 2012ರಲ್ಲಿ ಪ್ರಕಟವಾಯಿತು: ಸಾವು ಸುಮಾರು 22%ರಿಂದ 8%ಕ್ಕೆ ಇಳಿದಿತ್ತು. ಅದು ಚಿಕ್ಕ ಮಕ್ಕಳ ಮೇಲಿನ ಅಧ್ಯಯನವಲ್ಲ. ಆದರೂ ಬೇಗ ಒಣಗಿಸುವುದರ ತರ್ಕ ಮಕ್ಕಳಿಗೂ ಅದೇ, ಏಕೆಂದರೆ ಅವರ ಶ್ವಾಸನಾಳ ಇನ್ನೂ ಕಿರಿದು.

ಎಲ್ಲ ಒಣಗಿದ ಮೇಲೆ ಬಲ ತಳದಲ್ಲಿ ಒಂದೇ ಒಂದು ಜಾಗದಲ್ಲಿ ಸಣ್ಣ ಗರಗರ ಉಳಿದಿತ್ತು. ಕಿರಿಯ ವೈದ್ಯರು ಇನ್ನೊಂದು ಡೋಸಿಗೆ ಸಿದ್ಧರಾದರು, ನಾನು ತಡೆದೆ. ಈ ದ್ರಾವಣಗಳಲ್ಲಿ ಸೀಮೆಎಣ್ಣೆಯ ಜಾತಿಯ ದ್ರಾವಕ ಇರುತ್ತದೆ, ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿದು ಅಲ್ಲೇ ಸುಡುತ್ತದೆ. ವಿಷದ ಸ್ರಾವ ಎರಡೂ ಕಡೆ, ಎಲ್ಲೆಡೆ ಇರುತ್ತದೆ. ಒಂದು ಮೂಲೆಯಲ್ಲಷ್ಟೇ ಉಳಿದ ಸದ್ದು ಬಹುತೇಕ ಒಳಗೆ ಇಳಿದದ್ದರ ಗುರುತು. ಎಷ್ಟು ಅಟ್ರೋಪಿನ್ ಸುರಿದರೂ ಆ ಸದ್ದು ಹೋಗುವುದಿಲ್ಲ, ಮಗು ಮಾತ್ರ ಹೆಚ್ಚು ಅಟ್ರೋಪಿನ್‌ನಿಂದ ಕೆಡುತ್ತದೆ. ಮರುದಿನದ ಎಕ್ಸ್‌ರೇಯಲ್ಲಿ ಬಲ ತಳದಲ್ಲೇ ನೆರಳು ಕಂಡಿತು.

ಒಣಗಿಸಲು ಬೇಕಾದ ಒಟ್ಟು ಮೊತ್ತದ 10%ರಿಂದ 20% ಗಂಟೆಗೆ ಇನ್‌ಫ್ಯೂಷನ್. ನಾನು 10%ರಲ್ಲಿ ಶುರು ಮಾಡಿದೆ, ಗಂಟೆಗೆ 0.66 ಮಿ.ಗ್ರಾಂ. ಹತ್ತು ಆಂಪ್ಯೂಲ್, ಅಂದರೆ 6 ಮಿ.ಗ್ರಾಂ, ಸೇರಿಸಿ ಸಲೈನ್‌ನಲ್ಲಿ 50 ಮಿ.ಲೀ. ಮಾಡಿದರೆ ಒಂದು ಮಿ.ಲೀ.ಯಲ್ಲಿ 0.12 ಮಿ.ಗ್ರಾಂ, ಗಂಟೆಗೆ 5.5 ಮಿ.ಲೀ. ಸಾಕು. ಸಿರಿಂಜ್ ಪಂಪ್ ಇಲ್ಲದ ಕಡೆ ಮೈಕ್ರೋಡ್ರಿಪ್ ಸೆಟ್ಟಿನಲ್ಲಿ 60 ಹನಿಗೆ ಒಂದು ಮಿ.ಲೀ., ಆದ್ದರಿಂದ ಗಂಟೆಗೆ ಎಷ್ಟು ಮಿ.ಲೀ.ಯೋ ನಿಮಿಷಕ್ಕೆ ಅಷ್ಟೇ ಹನಿ. ಈ ಲೆಕ್ಕವನ್ನು ಹಾಸಿಗೆಯ ಪಕ್ಕದ ಹಾಳೆಯಲ್ಲಿ ದೊಡ್ಡದಾಗಿ ಬರೆದಿಡುತ್ತೇನೆ, ರಾತ್ರಿ ಪಾಳಿಯವರು ಹೊಸದಾಗಿ ಲೆಕ್ಕ ಹಾಕುವ ಗೊಡವೆ ಬೇಡ.

ಸ್ನಾಯುಗಳ ಅದುರು, ಬಲಹೀನತೆಗೆ ಅಟ್ರೋಪಿನ್‌ನಿಂದ ಏನೂ ಆಗುವುದಿಲ್ಲ. ಪ್ರಾಲಿಡಾಕ್ಸೈಮ್ ಕೆ.ಜಿ.ಗೆ 30 ಮಿ.ಗ್ರಾಂನಂತೆ 360 ಮಿ.ಗ್ರಾಂ ಅರ್ಧ ಗಂಟೆಯಲ್ಲಿ ನಿಧಾನಕ್ಕೆ ಕೊಟ್ಟೆವು, ಅದೂ ಅಟ್ರೋಪಿನ್ ಕೆಲಸ ಮಾಡಿದ ಮೇಲೆ.

ಮೊದಲ ಎರಡು ಗಂಟೆ ಹದಿನೈದು ನಿಮಿಷಕ್ಕೊಮ್ಮೆ, ಆಮೇಲೆ ಗಂಟೆಗೊಮ್ಮೆ ಎದೆ ಕೇಳಬೇಕು, ಜೊತೆಗೆ ಹೊಟ್ಟೆಯನ್ನೂ. ಆ ರಾತ್ರಿ ಮೂರರ ಹೊತ್ತಿಗೆ ಹುಡುಗ ಚಾದರ ಎಳೆಯತೊಡಗಿದ, ಗಾಳಿಯಲ್ಲಿ ಏನನ್ನೋ ಹಿಡಿಯುವಂತೆ ಕೈ ಆಡಿಸಿದ. ಜ್ವರ 38.6 ಡಿಗ್ರಿ ಸೆಲ್ಸಿಯಸ್. ಜ್ವರ ಶ್ವಾಸಕೋಶದ ಸೋಂಕಿನದೂ ಇರಬಹುದು, ಅದಕ್ಕೇ ಹೊಟ್ಟೆ ಕೇಳಿದೆ: ಕರುಳಿನ ಸದ್ದು ಪೂರ್ತಿ ನಿಂತಿತ್ತು, ಕಿಬ್ಬೊಟ್ಟೆಯಲ್ಲಿ ಮೂತ್ರ ತುಂಬಿದ ಚೀಲ ಕೈಗೆ ಸಿಗುತ್ತಿತ್ತು. ಇದು ಅಟ್ರೋಪಿನ್ ಹೆಚ್ಚಾದದ್ದು. ಇನ್‌ಫ್ಯೂಷನ್ ನಿಲ್ಲಿಸಿ, ಮೂತ್ರಕ್ಕೆ ಕ್ಯಾತಿಟರ್ ಹಾಕಿ, ಮೈ ಒರೆಸಿಸಿದೆ. ಮುಕ್ಕಾಲು ಗಂಟೆಯಲ್ಲಿ ಶಾಂತನಾದ, ಕರುಳು ಸಣ್ಣಗೆ ಸದ್ದು ಮಾಡಿತು. ಆಗ 80%ಕ್ಕೆ ಇಳಿಸಿ, ಗಂಟೆಗೆ 4.4 ಮಿ.ಲೀ.ಯಲ್ಲಿ ಮತ್ತೆ ಶುರು ಮಾಡಿದೆವು. ಹೆಚ್ಚಾಯಿತೆಂದು ಪೂರ್ತಿ ಬಿಟ್ಟುಬಿಡುವುದು ಅಪಾಯ. ಕ್ಲೋರ್‌ಪೈರಿಫಾಸ್ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ, ಯಕೃತ್ತಿನಲ್ಲಿ ಬದಲಾದ ಮೇಲೆಯೇ ಅದು ಪೂರಾ ವಿಷವಾಗುತ್ತದೆ. ಹಾಗಾಗಿ ಎದೆ ಮತ್ತೆ ತುಂಬುವುದು ಎರಡನೆಯ, ಮೂರನೆಯ ದಿನವೂ ಉಂಟು.

ಇವನಲ್ಲೂ ಹಾಗೇ ಆಯಿತು. ಒಂದು ದಿನ ಎದೆ ತಿಳಿಯಾಗಿ ಇದ್ದ ಮೇಲೆ ಐದನೇ ಒಂದು ಪಾಲು ಕಡಿಮೆ ಮಾಡಿ 3.5 ಮಿ.ಲೀ.ಗೆ ತಂದೆವು. ಎರಡು ಗಂಟೆಯಲ್ಲಿ ಎರಡೂ ತಳದಲ್ಲಿ ಸೀಟಿ ಬಂತು, ಕಂಕುಳು ಬೆವರಿತು. 0.6 ಮಿ.ಗ್ರಾಂ ಬೋಲಸ್ ಕೊಟ್ಟು 4.4ಕ್ಕೆ ವಾಪಸ್. ಮರುದಿನ ಮತ್ತೆ ಇಳಿಸತೊಡಗಿದೆವು, ಒಂದೊಂದು ಇಳಿಕೆಯ ನಡುವೆ ಆರು ಗಂಟೆ ಬಿಟ್ಟು.

ಈ ದಿನಗಳಲ್ಲಿ ಪ್ರತಿ ಸುತ್ತಿನಲ್ಲೂ ಒಂದು ಆಟಿಕೆಯನ್ನು ಅವನ ಕಾಲ ಬಳಿ ಹಿಡಿದು, ಮಲಗಿದಲ್ಲಿಂದಲೇ ತಲೆ ಎತ್ತಿ ನೋಡುತ್ತಾನೆಯೇ ಎಂದು ಪರೀಕ್ಷಿಸಿದೆ. ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆಯ ಸ್ನಾಯು ಸೋತು, ಹಿಂದೆಯೇ ಉಸಿರಾಟದ ಸ್ನಾಯು ಸೋಲುವ ಘಟ್ಟವೊಂದಿದೆ. ಆಗ ಎದೆ ಒಣಗಿಯೇ ಇರುತ್ತದೆ, ಅಟ್ರೋಪಿನ್ ಪ್ರಯೋಜನಕ್ಕೆ ಬರುವುದಿಲ್ಲ, ವೆಂಟಿಲೇಟರ್ ಬೇಕು. ತಲೆ ಎತ್ತಲಾಗದ ಮಗುವನ್ನು ಆಗಲೇ ವೆಂಟಿಲೇಟರ್ ಇರುವ ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ಆಂಬ್ಯುಲೆನ್ಸ್‌ನಲ್ಲಿ ಇನ್‌ಫ್ಯೂಷನ್ ಓಡುತ್ತಿರಬೇಕು, ಜೊತೆಗೆ ಕನಿಷ್ಠ ಇಪ್ಪತ್ತು ಆಂಪ್ಯೂಲ್ ಮತ್ತು ಅಂಬು ಬ್ಯಾಗ್ ಇರಬೇಕು. ಈ ಹುಡುಗ ಪ್ರತಿ ಸಲ ತಲೆ ಎತ್ತಿದ. ಇನ್‌ಫ್ಯೂಷನ್ ಪೂರ್ತಿ ನಿಂತ ಮೇಲೂ ಎರಡು ದಿನ ವಾರ್ಡಿನಲ್ಲೇ ಇಟ್ಟುಕೊಂಡು, ಎದೆ, ಕಂಕುಳು, ಕುತ್ತಿಗೆ ಮೂರೂ ಸರಿ ಇದ್ದದ್ದನ್ನು ನೋಡಿಯೇ ಮನೆಗೆ ಕಳಿಸಿದೆವು.