ಮುಂಬೈ ಬಿಟ್ಟು ಗಲ್ಲಿ ಹಿಡಿದ ಮೇಲೆ ಫೋನ್ ಬಂತು

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನನ್ನದು ಮಿಕ್ಸರ್, ಗೀಸರ್ ರಿಪೇರಿ ಅಂಗಡಿ. ಗಲ್ಲಿಯ ಒಳಗಿದೆ, ಮೇನ್ ರೋಡಿಗೆ ಬೋರ್ಡ್ ಕಾಣುವುದಿಲ್ಲ. ಗೂಗಲ್ ಮ್ಯಾಪ್ ನೋಡಿ ಗಿರಾಕಿ ಬರುತ್ತಾರೆ ಅಂದಾಗ ಭಾವ ನಕ್ಕುಬಿಟ್ಟರು. "ಮಿಕ್ಸರ್ ಕೆಟ್ಟರೆ ಜನ ಪಕ್ಕದ ಮನೆಯಲ್ಲಿ ಕೇಳ್ತಾರೆ ಮಾರಾಯ, ಮೊಬೈಲಲ್ಲಿ ಅಲ್ಲ." ಈಗ ದಿನಕ್ಕೆ ಆರೇಳು ಫೋನ್ ಅಲ್ಲಿಂದಲೇ ಬರುತ್ತವೆ. ಅದರಲ್ಲಿ ನಾಲ್ಕಾದರೂ ಕೆಲಸವಾಗುತ್ತವೆ. ಭಾವ ಈಗ ಆ ಮಾತು ಎತ್ತುವುದಿಲ್ಲ.

ಮೊದಲು ಕೈ ಸುಟ್ಟುಕೊಂಡ ಕತೆ. "ನಂಬರ್ ಒನ್ ಮಾಡಿಕೊಡ್ತೇನೆ" ಅಂತ ಬಂದ ಹುಡುಗನಿಗೆ ಸುಮಾರು ಹನ್ನೆರಡು ಸಾವಿರ ಕೊಟ್ಟೆ. ಅವನು ಗೂಗಲ್ ಪ್ರೊಫೈಲಿನಲ್ಲಿ ಅಂಗಡಿಯ ಹೆಸರನ್ನೇ `Best Mixer Geyser Repair Mumbai Thane Dombivli` ಅಂತ ಬದಲಿಸಿದ. ಎರಡು ವಾರ ಫೋನ್ ಜಾಸ್ತಿಯಾದದ್ದು ನಿಜ. ಆದರೆ ಮುಲುಂಡ್, ಥಾಣೆಯವರ ಫೋನೇ ಹೆಚ್ಚು. "ಮನೆಗೆ ಬರ್ತೀರಾ?" ಅಂತ ಕೇಳುವುದು, ಇಲ್ಲ ಅಂದರೆ ಇಡುವುದು. ಆಮೇಲೆ ಆ ಹೆಸರಿನ ದೆಸೆಯಿಂದ ಪ್ರೊಫೈಲೇ ಸಸ್ಪೆಂಡ್ ಆಯಿತು. ಅದೂ ದೀಪಾವಳಿಗೆ ಮುಂಚೆ, ಹಬ್ಬದ ತಿಂಡಿ ಫರಾಳ ಮಾಡುವ ಗಡಿಬಿಡಿಯಲ್ಲಿ ಮಿಕ್ಸರ್‌ಗಳು ಸಾಲು ಸಾಲಾಗಿ ಬರುವ ಹೊತ್ತಿಗೆ. ಹುಡುಗ ಫೋನ್ ಎತ್ತಲಿಲ್ಲ.

ಬೋರ್ಡಿನ ಮೇಲಿರುವ ಹೆಸರನ್ನಷ್ಟೇ ಮತ್ತೆ ಹಾಕಿದೆ. ಅಂಗಡಿಯ ಗುಮಾಸ್ತಾ ಲೈಸೆನ್ಸ್, ಲೈಟ್ ಬಿಲ್, ಬೋರ್ಡ್ ಕಾಣುವ ಅಂಗಡಿಯ ಫೋಟೊ ಕೊಟ್ಟು ಅಪೀಲ್ ಮಾಡಿದೆ. ಮೂರರಲ್ಲೂ ಹೆಸರು, ವಿಳಾಸ ಒಂದೇ ಇರಬೇಕು. ನನ್ನ ಲೈಟ್ ಬಿಲ್ಲಲ್ಲಿ ಅಂಗಡಿ ಮಾಲೀಕರ ಹೆಸರಿತ್ತು, ಅದಕ್ಕೆ ಬಾಡಿಗೆ ಪತ್ರವನ್ನೂ ಸೇರಿಸಬೇಕಾಯಿತು. ಹತ್ತಿರ ಹತ್ತಿರ ಇಪ್ಪತ್ತು ದಿನ ಹೋಯಿತು. ಆ ಹಂಗಾಮಿನ ನಷ್ಟ ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ.

ಪ್ರೊಫೈಲ್ ವಾಪಸ್ ಬಂದ ಮೇಲೆ ನಾನೇ ಕೂತೆ. ಕೆಟಗರಿಯಲ್ಲಿ ಆ ಹುಡುಗ `Electronics store` ಹಾಕಿದ್ದ. ಟಿವಿ ಕೊಳ್ಳುವವರಿಗೆ ನನ್ನನ್ನು ತೋರಿಸಿ ಏನು ಪ್ರಯೋಜನ? `Appliance repair service` ಮಾಡಿದೆ. ಪಿನ್ ಹಿಂದಿನ ಗಲ್ಲಿಯಲ್ಲಿ ಬಿದ್ದಿತ್ತು. ಜನ ಚೀಲದಲ್ಲಿ ಮಿಕ್ಸರ್ ಹಿಡಿದು ಅಲ್ಲೇ ಸುತ್ತಿ ವಾಪಸ್ ಹೋಗುತ್ತಿದ್ದರು. ಮ್ಯಾಪನ್ನು ದೊಡ್ಡದು ಮಾಡಿ ಶಟರ್ ಮೇಲೇ ಎಳೆದು ಇಟ್ಟೆ. ಸರ್ವಿಸ್ ಪಟ್ಟಿಯಲ್ಲಿ ಕಂಪನಿ ಭಾಷೆ ತೆಗೆದು ಗಿರಾಕಿಗಳು ಹೇಳುವಂತೆ ಬರೆದೆ: ಮಿಕ್ಸರ್ ಜಾರ್ ಬ್ಲೇಡ್, ಗೀಸರ್ ಕಾಯಿಲ್. ಮರಾಠಿಯಲ್ಲಿ 'ಮಿಕ್ಸರ್ ದುರುಸ್ತಿ' ಅಂತಲೂ ಸೇರಿಸಿದೆ. ಪರ್ಫಾರ್ಮೆನ್ಸ್ ಪುಟದಲ್ಲಿ ಜನ ಏನು ಟೈಪ್ ಮಾಡಿ ಹುಡುಕಿದರು ಅಂತ ಕಾಣುತ್ತದೆ ಅಲ್ವಾ, ಆ ಪದಗಳನ್ನು ಅಲ್ಲಿಂದಲೇ ಎತ್ತಿದ್ದು.

ಏರಿಯಾದ ಹೆಸರು ಬಂದದ್ದು ರಿವ್ಯೂಗಳಿಂದ. "ಪಾಂಡುರಂಗವಾಡಿಯಿಂದ ತಂದಿದ್ದೆ, ಜಾರ್ ಬುಷ್ ಒಂದೇ ದಿನದಲ್ಲಿ ಆಯಿತು" ಅಂತ ಒಬ್ಬರು ಬರೆದರು. ಹುಡುಕಿದ ಪದಕ್ಕೆ ಹೊಂದುವ ಇಂಥ ಸಾಲನ್ನು ಗೂಗಲ್ ಎಷ್ಟೋ ಸಲ ಅಂಗಡಿಯ ಹೆಸರಿನ ಕೆಳಗೇ ತೋರಿಸುತ್ತದೆ. ಅದಕ್ಕೇ "ಏನು ರಿಪೇರಿ ಆಯಿತು, ಎಲ್ಲಿಂದ ಬಂದಿರಿ, ಅಷ್ಟು ಬರೆಯಿರಿ ಸಾಕು" ಅನ್ನುತ್ತೇನೆ. ರಿವ್ಯೂಗೆ ಡಿಸ್ಕೌಂಟ್ ಕೊಡುವ ಹಾಗಿಲ್ಲ, ಅದು ಗೂಗಲ್ ನಿಯಮಕ್ಕೆ ವಿರುದ್ಧ. ಹತ್ತರಲ್ಲಿ ಮೂವರು ನಾಲ್ವರು ಬರೆಯುವ ಹಾಗೆ ಯಾವ ಹೊತ್ತಿಗೆ ಕೇಳುತ್ತೇನೆ ಅನ್ನೋದನ್ನು ಮಾತ್ರ ಹೇಳುವುದಿಲ್ಲ. ಎದುರಿನ ಗಲ್ಲಿಯವನೂ ಇದನ್ನು ಓದಬಹುದು.

ಫೋಟೊಗಳಿಗೆ ಜಿಪಿಎಸ್ ಟ್ಯಾಗ್ ತುಂಬಿಸಿ ಹಾಕಿಯೂ ನೋಡಿದೆ. ಎರಡು ವಾರ ದಂಡ. ನನ್ನ ಮಟ್ಟಿಗೆ ಒಂದು ಫೋನೂ ಹೆಚ್ಚಾಗಲಿಲ್ಲ. ತಂಗಿಯ ಪಾರ್ಲರಿನ ಇನ್‌ಸ್ಟಾಗ್ರಾಂನಲ್ಲಿ ಲೊಕೇಶನ್ ಟ್ಯಾಗ್ ಮಾತ್ರ ಕೆಲಸ ಮಾಡಿತು. `Mumbai` ಅಂತ ಟ್ಯಾಗ್ ಮಾಡಿದ ಮೆಹೆಂದಿ ರೀಲಿಗೆ ನಾಲ್ಕು ಸಾವಿರದಷ್ಟು ವ್ಯೂ ಬಂತು, ಬುಕಿಂಗ್ ಸೊನ್ನೆ. `Dombivli East` ಹಾಕಿದ್ದಕ್ಕೆ ಐನೂರೂ ದಾಟಲಿಲ್ಲ, ಆದರೆ ಆ ವಾರವೇ ಮೂವರು ಬಂದರು.

ಪರೀಕ್ಷೆ ಮಾಡುವಾಗ ನಾನೂ ಮೋಸ ಹೋಗಿದ್ದೆ. ಅಂಗಡಿಯಲ್ಲೇ ಕೂತು ಹುಡುಕಿದರೆ ನಾವೇ ಮೇಲೆ ಬರುತ್ತೇವೆ, ಹುಡುಕುವವನಿಗೆ ಎಷ್ಟು ಹತ್ತಿರ ಅಂತ ಗೂಗಲ್ ನೋಡುತ್ತದಲ್ಲ. ಇನ್‌ಕಾಗ್ನಿಟೊ ಹಾಕಿದರೂ ನಾವು ಕೂತ ಜಾಗ ಬದಲಾಗುವುದಿಲ್ಲ. ಸ್ಕೂಟರ್ ತೆಗೆದುಕೊಂಡು ಪಾಂಡುರಂಗವಾಡಿ, ಟಿಳಕನಗರ, ಠಾಕುರ್ಲಿ ಕಡೆ ನಿಂತು ನಿಂತು `mixer repair near me` ಹುಡುಕಿದೆ. ಮೊದಲು ಅರ್ಧ ಕಿಲೋಮೀಟರಿಗೇ ಕಾಣೆಯಾಗುತ್ತಿದ್ದೆ. ನಾಲ್ಕು ತಿಂಗಳಲ್ಲಿ ಒಂದೂವರೆ ಕಿಲೋಮೀಟರ್ ತನಕ ಮೊದಲ ಮೂರರಲ್ಲಿ ಬರತೊಡಗಿದೆ.

ಹಳಿಯಾಚೆ ಪಶ್ಚಿಮದಲ್ಲಿ ಈಗಲೂ ಕಾಣುವುದಿಲ್ಲ. ಅಲ್ಲಿಯ ಹೆಸರುಗಳನ್ನೂ ವಿವರಣೆಯಲ್ಲಿ ತುಂಬಿ ನೋಡಿದೆ, ಜಗ್ಗಲಿಲ್ಲ. ಮಿಕ್ಸರ್ ಹೊತ್ತು ಸ್ಟೇಷನ್ ಬ್ರಿಡ್ಜ್ ಹತ್ತಿ ಇಳಿದು ಯಾರೂ ಬರುವುದಿಲ್ಲ ಅಂತ ಆಮೇಲೆ ಅದನ್ನು ತೆಗೆದುಹಾಕಿದೆ.