ಮಣೆಯಿಂದ ಇಳಿಯುವುದನ್ನು ಕಲಿತೆ, ಮಂಡಿ ನೋವು ಇಳಿಯಿತು

ವಾರಕ್ಕೆ 15 ಕಿಲೋಮೀಟರ್ ಓಡುತ್ತಿದ್ದವಳು ಮೂರೇ ವಾರದಲ್ಲಿ 30ಕ್ಕೆ ಏರಿಸಿದ್ದೆ. ಬಲ ಮಂಡಿಯ ಮುಂಭಾಗದಲ್ಲಿ ನೋವು ಶುರುವಾಯಿತು. ಲಾಲ್‌ಬಾಗಿನ ಬಂಡೆ ಹತ್ತುವಾಗ ಅಷ್ಟಿಲ್ಲ, ಇಳಿಯುವಾಗ ಜಾಸ್ತಿ. ಆಫೀಸಿನಲ್ಲಿ ಒಂದು ಗಂಟೆ ಕೂತು ಏಳುವಾಗಲೂ ಹಿಡಿದುಕೊಳ್ಳುತ್ತಿತ್ತು. ಎಲ್ಲಿ ನೋವು ಅಂದರೆ ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ, ಅಂಗೈಯಿಂದ ಚಿಪ್ಪನ್ನೇ ಮುಚ್ಚಿ ತೋರಿಸುತ್ತಿದ್ದೆ.

ಎರಡು ವಾರ ಓಟ ನಿಲ್ಲಿಸಿದೆ. ನೋವು ಹೋಯಿತು. ಮತ್ತೆ ಓಡಿದ ಮೊದಲ ದಿನವೇ ಮೂರನೇ ಕಿಲೋಮೀಟರಿಗೆ ವಾಪಸ್ ಬಂತು. ವಿಶ್ರಾಂತಿಯಿಂದ ಮಂಡಿ ತಣ್ಣಗಾಗಿತ್ತು, ಕಾಲಿಗೆ ಶಕ್ತಿ ಬಂದಿರಲಿಲ್ಲ, ಅಷ್ಟೇ.

ಫಿಸಿಯೋ ಮೊದಲು ಊತ ಇದೆಯಾ, ಮಂಡಿ ಸಿಕ್ಕಿಹಾಕಿಕೊಳ್ಳುತ್ತಾ, ಕಾಲು ಕುಸಿಯುತ್ತಾ ಅಂತ ಕೇಳಿದರು. ಇವುಗಳಲ್ಲಿ ಒಂದಿದ್ದರೂ ವ್ಯಾಯಾಮಕ್ಕೆ ಮೊದಲು ಡಾಕ್ಟರ್ ನೋಡಬೇಕು. ನನಗೆ ಯಾವುದೂ ಇರಲಿಲ್ಲ. ಆಮೇಲೆ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, "ಕನ್ನಡಿ ನೋಡ್ತಾ ಎಡಗಾಲನ್ನ ನಿಧಾನಕ್ಕೆ ಕೆಳಗಿಳಿಸಿ ಮೇಡಂ" ಅಂದರು. ಇಳಿಸುತ್ತಿದ್ದಂತೆ ಬಲ ಮಂಡಿ ಹೆಬ್ಬೆರಳನ್ನೂ ದಾಟಿ ಒಳಕ್ಕೆ ವಾಲಿತು, ಸೊಂಟ ಎಡಕ್ಕೆ ಜಗ್ಗಿತು. ತೊಡೆ ಮೂಳೆ ಹೀಗೆ ಒಳಕ್ಕೆ ತಿರುಗಿದರೆ ಚಿಪ್ಪಿನ ಒಂದು ಬದಿಗೆ ಒತ್ತಡ ಹೆಚ್ಚಾಗುತ್ತದೆ. ಎಲ್ಲರಿಗೂ ಇದೇ ಕಾರಣ ಇರುವುದಿಲ್ಲ, ನನಗೆ ಇತ್ತು.

ವಾರಕ್ಕೆ ಮೂರು ದಿನ ಎರಡು ವ್ಯಾಯಾಮ ಮಾಡಿದೆ. ಒಂದು, ಗೋಡೆಗೆ ಬೆನ್ನು ತಾಗಿಸಿ ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವುದು, 12ರಂತೆ ಮೂರು ಸಲ. ಹಿಮ್ಮಡಿ ಗೋಡೆಗೆ ಉಜ್ಜುತ್ತಲೇ ಮೇಲೇರಬೇಕು. ಕಾಲು ಮುಂದಕ್ಕೆ ಜಾರಿದರೆ ತೊಡೆಯ ಮುಂಭಾಗ ಕೆಲಸ ಕದಿಯುತ್ತದೆ. ಸರಿಯಾಗಿ ಮಾಡಿದರೆ ಸುಸ್ತಾಗುವುದು ಸೊಂಟದ ಪಕ್ಕ, ಸ್ವಲ್ಪ ಹಿಂದೆ.

ಇನ್ನೊಂದು ಅದೇ ಇಳಿಯುವ ವ್ಯಾಯಾಮ. ಮನೆಯಲ್ಲಿದ್ದ ಊಟದ ಮಣೆ ಸುಮಾರು ಎರಡು ಇಂಚು ಎತ್ತರ, ಅದರಿಂದಲೇ ಶುರು ಮಾಡಿದೆ. ಮೂರು ಎಣಿಸುತ್ತಾ ಇಳಿದು ಹಿಮ್ಮಡಿ ನೆಲಕ್ಕೆ ಸೋಕಿಸಿ ಮೇಲೇಳುವುದು, ಎಂಟರಂತೆ ಮೂರು ಸಲ. ಮಂಡಿ ಎರಡನೇ ಬೆರಳಿನ ನೇರಕ್ಕೇ ಇರಬೇಕು. ನಾಲ್ಕನೇ ವಾರ ಮನೆಯ ಮೆಟ್ಟಿಲಿಗೆ ಬಂದೆ.

ನೋವಿಗೊಂದು ಲೆಕ್ಕ ಇಟ್ಟುಕೊಂಡಿದ್ದೆ. ಹತ್ತರಲ್ಲಿ ಮೂರರವರೆಗೆ ಪರವಾಗಿಲ್ಲ, ಮರುದಿನ ಬೆಳಿಗ್ಗೆ ಮೊದಲಿನಂತೆ ಆಗಿರಬೇಕು. ಆರನೇ ವಾರ ಬ್ಯಾಗಿಗೆ ಐದು ಕೆಜಿ ಅಕ್ಕಿ ಹಾಕಿಕೊಂಡು ಇಳಿದೆ. ಮರುದಿನ ಮೆಟ್ಟಿಲಿಳಿಯುವಾಗ ನೋವು ಐದು! ಒಂದು ವಾರ ಮತ್ತೆ ಮಣೆಗೆ ಬಂದೆ, ಆಮೇಲೆ ಎರಡು ಕೆಜಿಯಿಂದ ಶುರು ಮಾಡಿದೆ.

ಈ ನಡುವೆ ಓಟ ಪೂರ್ತಿ ಬಿಡಲಿಲ್ಲ. ದಿನ ಬಿಟ್ಟು ದಿನ, ಸಮತಟ್ಟು ರಸ್ತೆಯಲ್ಲಿ, ನೋವು ಬರುವ ದೂರಕ್ಕಿಂತ ಕಡಿಮೆ ಓಡಿದೆ. ನಿಮಿಷಕ್ಕೆ 160 ಇದ್ದ ಹೆಜ್ಜೆಯನ್ನು 170 ಮಾಡಿದೆ. ಹೆಜ್ಜೆ ಚಿಕ್ಕದಾಗಿ, ಕಾಲು ಮೈಯ ಕೆಳಗೇ ಬೀಳತೊಡಗಿತು. ಆ ದಿನವೇ ಮಂಡಿ ಹಗುರ ಅನ್ನಿಸಿತು.

ಹನ್ನೊಂದನೇ ವಾರ ಎಂಟು ಕಿಲೋಮೀಟರ್ ಓಡಿ, ಬಂಡೆ ಹತ್ತಿ ಇಳಿದೆ. ನೋವು ಒಂದು ಇರಬಹುದು. ಈಗಲೂ ದೂರದ ಬಸ್ಸಿನಲ್ಲಿ ಮಂಡಿ ಬಿಗಿಯುತ್ತದೆ, ಹಾಗಾಗಿ ಕಾಲು ಚಾಚಲು ಓಡಾಡುವ ದಾರಿ ಪಕ್ಕದ ಸೀಟನ್ನೇ ಹಿಡಿಯುತ್ತೇನೆ.